ನೆರೆಯವರು ಹೇಳಿದ ದಾರಿ: ಬಿಜಿಪಿಯ ಮೂರೂವರೆ ದಶಕ

1989ರ ಜನವರಿಯಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಇಂಟರ್ನೆಟ್ ಎಂಜಿನಿಯರುಗಳ ಸಭೆ ಸೇರಿತ್ತು. ಸಿಸ್ಕೊ ಕಂಪನಿಯ ಕರ್ಕ್ ಲಾಹೀಡ್ ಮತ್ತು ಐಬಿಎಂನ ಯಾಕೊವ್ ರೆಖ್ಟರ್ ಊಟದ ಹೊತ್ತಿನಲ್ಲಿ ಕಾಗದದ ನ್ಯಾಪ್‌ಕಿನ್‌ಗಳ ಮೇಲೆ ಒಂದು ಹೊಸ ವ್ಯವಸ್ಥೆಯ ರೂಪುರೇಷೆ ಗೀಚಿಕೊಂಡರು. ಅದೇ ಜೂನ್‌ನಲ್ಲಿ ಅದು ಬಾರ್ಡರ್ ಗೇಟ್‌ವೇ ಪ್ರೋಟೊಕಾಲ್, ಅಂದರೆ ಬಿಜಿಪಿ, ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಆಗ ಅವರನ್ನು ಕಾಡುತ್ತಿದ್ದ ಸಮಸ್ಯೆ ಒಂದೇ: ಜಾಲಗಳು ಹೆಚ್ಚುತ್ತಿದ್ದವು, ಒಂದು ಜಾಲದಿಂದ ಇನ್ನೊಂದಕ್ಕೆ ಹಲವು ದಾರಿಗಳು ಹುಟ್ಟುತ್ತಿದ್ದವು, ಮಾಹಿತಿ ಅವುಗಳ ನಡುವೆ ಗಿರಕಿ ಹೊಡೆಯದೆ ಮುಂದಕ್ಕೆ ಸಾಗಬೇಕಿತ್ತು. ಯಾರಾದರೂ ಸುಳ್ಳು ಹೇಳಿದರೆ ಏನು ಮಾಡುವುದು ಎಂಬುದು ಆ ಹೊತ್ತಿನ ಪ್ರಶ್ನೆಯೇ ಆಗಿರಲಿಲ್ಲ. ಪರಸ್ಪರ ಪರಿಚಯವಿದ್ದ ಕೆಲವೇ ಜನ ನಡೆಸುತ್ತಿದ್ದ ಜಾಲವದು.

ಅವರು ಕಂಡುಕೊಂಡ ಉತ್ತರ ಸರಳವಾಗಿತ್ತು, ಇಂದಿಗೂ ಅದೇ ಚಾಲ್ತಿಯಲ್ಲಿದೆ. ಪ್ರತಿ ಆಪರೇಟರ್‌ನ ಜಾಲಕ್ಕೂ ಒಂದು ಎಎಸ್ ಸಂಖ್ಯೆ ಇರುತ್ತದೆ. ಆ ಜಾಲದ ಅಂಚಿನ ರೂಟರ್, ಪಕ್ಕದ ಆಪರೇಟರ್‌ನ ರೂಟರ್ ಜೊತೆ ಸಂಪರ್ಕ ಬೆಳೆಸಿ, ‘ಈ ವಿಳಾಸಗಳು ನನ್ನ ಬಳಿ ಇವೆ’ ಎಂದು ಘೋಷಿಸುತ್ತದೆ. ಅದನ್ನು ಕೇಳಿದ ನೆರೆಯವರು ತಮ್ಮ ಸಂಖ್ಯೆಯನ್ನೂ ಮುಂದೆ ಸೇರಿಸಿ ತಮ್ಮ ನೆರೆಯವರಿಗೆ ದಾಟಿಸುತ್ತಾರೆ. ಹೀಗೆ ಘೋಷಣೆಯ ಜೊತೆಗೇ ಎಎಸ್‌ಗಳ ಸರಣಿಯೊಂದು ಬೆಳೆಯುತ್ತಾ ಹೋಗುತ್ತದೆ. ಬಂದ ಸರಣಿಯಲ್ಲಿ ತನ್ನದೇ ಸಂಖ್ಯೆ ಕಂಡರೆ ರೂಟರ್ ಅದನ್ನು ಕೈಬಿಡುತ್ತದೆ. ಗಿರಕಿ ಹೊಡೆಯುವ ಸಮಸ್ಯೆ ಅಲ್ಲಿಗೆ ಮುಗಿಯಿತು.

ಒಂದೇ ವಿಳಾಸಕ್ಕೆ ಹಲವು ದಾರಿ ಬಂದಾಗ ಆಯ್ಕೆ ಹೇಗೆ? ಮೊದಲ ಮಾತು ವ್ಯವಹಾರದ್ದು. ಹಣ ಕೊಡುವ ಗ್ರಾಹಕನಿಂದ ಬಂದ ದಾರಿಗೆ ಆಪರೇಟರ್‌ಗಳು ಸಾಮಾನ್ಯವಾಗಿ ಮೊದಲ ಮಣೆ ಹಾಕುತ್ತಾರೆ. ಅದು ಸಮವಿದ್ದರೆ ಚಿಕ್ಕ ಸರಣಿ ಗೆಲ್ಲುತ್ತದೆ. ಆದರೆ ಇವೆರಡನ್ನೂ ಮೀರಿದ ನಿಯಮ ಇನ್ನೊಂದಿದೆ: ಪ್ಯಾಕೆಟ್ ಕಳಿಸುವಾಗ ರೂಟರ್ ಯಾವಾಗಲೂ ಹೆಚ್ಚು ನಿರ್ದಿಷ್ಟವಾದ, ಅಂದರೆ ಕಡಿಮೆ ವಿಳಾಸಗಳನ್ನು ಒಳಗೊಂಡ ಘೋಷಣೆಯನ್ನೇ ಅನುಸರಿಸುತ್ತದೆ. ಬಿಜಿಪಿಯ ಅವಾಂತರಗಳಲ್ಲಿ ಹಲವು ಹುಟ್ಟಿದ್ದು ಇಲ್ಲಿಯೇ.

ಅದರ ಮೊದಲ ದೊಡ್ಡ ಪಾಠ 1997ರ ಏಪ್ರಿಲ್ 25ರಂದು ಸಿಕ್ಕಿತು. ಅಮೆರಿಕದ ವರ್ಜೀನಿಯಾದ ಎಂಎಐ ಎಂಬ ಸಣ್ಣ ಸಂಸ್ಥೆಯ ರೂಟರ್, ತಾನು ಕಲಿತಿದ್ದ ದಾರಿಗಳನ್ನೆಲ್ಲ ತುಂಡು ತುಂಡು ಮಾಡಿ, ಎಲ್ಲವೂ ತನ್ನದೇ ಎಂಬಂತೆ ಎಎಸ್ 7007ರ ಹೆಸರಿನಲ್ಲಿ ಹೊರಗೆ ಘೋಷಿಸಿತು. ತುಂಡುಗಳು ಹೆಚ್ಚು ನಿರ್ದಿಷ್ಟವಾದ್ದರಿಂದ ಬೇರೆ ಜಾಲಗಳು ಅವನ್ನೇ ನಂಬಿದವು. ಆ ರೂಟರ್‌ನ ಸಂಪರ್ಕ ಕಿತ್ತ ಮೇಲೂ ತಪ್ಪು ದಾರಿಗಳು ಬೇರೆ ರೂಟರ್‌ಗಳಲ್ಲಿ ಉಳಿದು ಕಾಡಿದವು.

2008ರ ಪ್ರಕರಣ ಇನ್ನೂ ಸ್ಪಷ್ಟ. ಅದನ್ನು ನಿಮಿಷ ನಿಮಿಷವಾಗಿ ನೋಡಬಹುದು, ಏಕೆಂದರೆ ಯುರೋಪಿನ ವಿಳಾಸ ನೋಂದಣಿ ಸಂಸ್ಥೆ ರೈಪ್ ಹಲವು ಕಡೆ ರೂಟರ್‌ಗಳ ಮಾತುಕತೆಯನ್ನು ದಾಖಲಿಸುತ್ತಲೇ ಇರುತ್ತದೆ. ಯೂಟ್ಯೂಬ್ ಅನ್ನು ದೇಶದೊಳಗೆ ತಡೆಯುವಂತೆ ಪಾಕಿಸ್ತಾನ ಸರ್ಕಾರ ಆದೇಶಿಸಿತ್ತು. ಪಾಕಿಸ್ತಾನ್ ಟೆಲಿಕಾಂ ಅದಕ್ಕೆ ಹಿಡಿದ ಮಾರ್ಗ, ಯೂಟ್ಯೂಬ್‌ನ ವಿಳಾಸಗಳಿಗೆ ತನ್ನಲ್ಲೇ ದಾರಿಯಿದೆ ಎಂದು ತೋರಿಸಿ, ಬಂದ ಪ್ಯಾಕೆಟ್‌ಗಳನ್ನು ಬಿಸಾಡುವುದು. ಒಳಗೇ ಉಳಿಯಬೇಕಿದ್ದ ಆ ಘೋಷಣೆ ಫೆಬ್ರುವರಿ 24ರಂದು ಗ್ರೀನಿಚ್ ಸಮಯ 18:47ಕ್ಕೆ, ಅಂದರೆ ಭಾರತದಲ್ಲಿ ನಡುರಾತ್ರಿ ಕಳೆದ ಹೊತ್ತಿಗೆ, ಹೊರಗೆ ಸೋರಿತು. ಹಾಂಗ್‌ಕಾಂಗ್ ಮೂಲದ ಪಿಸಿಸಿಡಬ್ಲ್ಯು ಅದನ್ನು ಪರೀಕ್ಷಿಸದೆ ಜಗತ್ತಿಗೆ ಹಂಚಿತು. ಆಗ ರೂಟರ್‌ಗಳ ಮುಂದಿದ್ದ ಎರಡು ಸಾಲು ಹೀಗಿದ್ದವು. ಪ್ರತಿ ಸಾಲಿನ ಕೊನೆಯ ಸಂಖ್ಯೆ, ವಿಳಾಸ ತನ್ನದೆಂದು ಹೇಳಿದ ಜಾಲದ್ದು.

```
208.65.152.0/22   ... 36561
208.65.153.0/24   ... 3491 17557
```

ಮೊದಲನೆಯದು ಯೂಟ್ಯೂಬ್‌ನದು, 1,024 ವಿಳಾಸಗಳ ಗುಂಪು. ಎರಡನೆಯದು ಪಾಕಿಸ್ತಾನ್ ಟೆಲಿಕಾಂ ಹೇಳಿದ್ದು, ಅದೇ ಗುಂಪಿನೊಳಗಿನ 256 ವಿಳಾಸ. ಎರಡೂ ಕಣ್ಣೆದುರಿದ್ದರೂ ರೂಟರ್‌ಗಳು ಎರಡನೆಯದನ್ನೇ ಹಿಡಿದವು.

ಯೂಟ್ಯೂಬ್ 20:07ಕ್ಕೆ ತಾನೂ ಅದೇ 256 ವಿಳಾಸಗಳ ಗುಂಪನ್ನು ಘೋಷಿಸಿತು. ಈಗ ಎರಡೂ ಸಮ. ಯಾವ ಜಾಲ ಯಾರಿಗೆ ಹತ್ತಿರವೋ ಅದರಂತೆ ಟ್ರಾಫಿಕ್ ಹಂಚಿಹೋಯಿತು. 20:18ಕ್ಕೆ ಅದು 128 ವಿಳಾಸಗಳ ಎರಡು ತುಂಡುಗಳನ್ನು ಘೋಷಿಸಿತು. ಅವು ತಲುಪಿದ ಕಡೆಯೆಲ್ಲ ಟ್ರಾಫಿಕ್ ಮರಳಿ ಬಂತು. ಆದರೆ ಇಷ್ಟು ಚಿಕ್ಕ ಗುಂಪುಗಳನ್ನು ಸ್ವೀಕರಿಸದಿರುವುದು ಬಹಳ ಆಪರೇಟರ್‌ಗಳ ರೂಢಿ, ಹಾಗಾಗಿ ಎಲ್ಲ ಕಡೆಗೂ ಅವು ತಲುಪಲಿಲ್ಲ. ಕೊನೆಗೆ 21:01ಕ್ಕೆ ಪಿಸಿಸಿಡಬ್ಲ್ಯು ತಪ್ಪು ದಾರಿಗಳನ್ನು ಹಿಂತೆಗೆದುಕೊಂಡಿತು. ಎರಡು ಗಂಟೆ 14 ನಿಮಿಷದ ಈ ಹಗ್ಗಜಗ್ಗಾಟದಲ್ಲಿ ಯೂಟ್ಯೂಬ್‌ನ ಯಂತ್ರ ಯಾವುದೂ ಕೆಟ್ಟಿರಲಿಲ್ಲ. ತನ್ನ ಗ್ರಾಹಕನಿಗೆ ಯಾವ ವಿಳಾಸಗಳನ್ನು ಘೋಷಿಸುವ ಹಕ್ಕಿದೆ ಎಂಬ ಪಟ್ಟಿಯನ್ನು ಪಿಸಿಸಿಡಬ್ಲ್ಯು ಇಟ್ಟುಕೊಂಡು ತಾಳೆ ನೋಡಿದ್ದರೆ ಇದು ಪಾಕಿಸ್ತಾನದ ಗಡಿ ದಾಟುತ್ತಲೇ ಇರಲಿಲ್ಲ. ಆ ರಾತ್ರಿಯ ಹೊಣೆಯಲ್ಲಿ ದೊಡ್ಡ ಪಾಲು ಅದರದ್ದೇ.

ಪ್ಯಾಕೆಟ್‌ಗಳನ್ನು ಬಿಸಾಡಿದರೆ ಸೇವೆ ನಿಲ್ಲುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಅವಕ್ಕೆ ಸುಳ್ಳು ಉತ್ತರ ಕೊಟ್ಟರೆ ಏನಾಗುತ್ತದೆ ಎಂಬುದು 2018ರ ಏಪ್ರಿಲ್ 24ರಂದು ತಿಳಿಯಿತು. ಅಮೆಜಾನ್‌ನ ಡಿಎನ್ಎಸ್ ಸೇವೆಗೆ ಸೇರಿದ ವಿಳಾಸಗಳನ್ನು ಯಾರೋ ಅಮೆರಿಕದ ಸಣ್ಣ ಆಪರೇಟರ್ ಒಂದರ ಮೂಲಕ ಘೋಷಿಸಿದರು. ಮೈಈಥರ್‌ವಾಲೆಟ್ ತಾಣ ಎಲ್ಲಿದೆ ಎಂದು ಕೇಳಿದವರಿಗೆ ನಕಲಿ ತಾಣದ ವಿಳಾಸ ಸಿಕ್ಕಿತು. ಪ್ರಮಾಣಪತ್ರ ಸರಿಯಿಲ್ಲ ಎಂದು ಬ್ರೌಸರ್ ಎಚ್ಚರಿಸಿದರೂ ಮುಂದುವರಿದವರು ಸುಮಾರು ಒಂದೂವರೆ ಲಕ್ಷ ಡಾಲರ್ ಮೌಲ್ಯದ ಕ್ರಿಪ್ಟೊ ಹಣ ಕಳೆದುಕೊಂಡರು.

ಇಷ್ಟರಲ್ಲಿ ಪರಿಹಾರವೂ ರೂಪುಗೊಳ್ಳುತ್ತಿತ್ತು. 2011ರ ಹೊತ್ತಿಗೆ ವಿಳಾಸ ಹಂಚುವ ಸಂಸ್ಥೆಗಳು ಆರ್‌ಪಿಕೆಐ ಎಂಬ ವ್ಯವಸ್ಥೆ ತೆರೆದವು. ಜಮೀನಿಗೆ ಪಹಣಿ ಇರುವಂತೆ ವಿಳಾಸಗಳ ಗುಂಪಿಗೂ ಇಲ್ಲಿ ಡಿಜಿಟಲ್ ಸಹಿಯ ದಾಖಲೆಯೊಂದು ಇರುತ್ತದೆ: ಈ ಗುಂಪನ್ನು ಇಂಥ ಎಎಸ್ ಮಾತ್ರ ಘೋಷಿಸಬಹುದು, ಇಷ್ಟಕ್ಕಿಂತ ಚಿಕ್ಕ ತುಂಡು ಮಾಡಬಾರದು. ಇದಕ್ಕೆ ರೋವಾ ಎನ್ನುತ್ತಾರೆ. ದಾಖಲೆಗೆ ವಿರುದ್ಧವಾದ ಘೋಷಣೆಯನ್ನು ರೂಟರ್ ‘ಅಸಿಂಧು’ ಎಂದು ಗುರುತಿಸಿ ತಿರಸ್ಕರಿಸಬಹುದು. 2008ರಲ್ಲಿ ಇದಿದ್ದು, ದೊಡ್ಡ ಆಪರೇಟರ್‌ಗಳು ಪಾಲಿಸಿದ್ದರೆ ಎರಡನೆಯ ಸಾಲು ಆ ಕ್ಷಣವೇ ಬಿದ್ದುಹೋಗುತ್ತಿತ್ತು. 2024ರ ಮೇ ಹೊತ್ತಿಗೆ ಐಪಿವಿ4 ದಾರಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ರೋವಾ ಬಂದಿತ್ತು. ಆದರೆ ದಾಖಲೆ ಮಾಡಿಸುವುದು ಬೇರೆ, ಅದನ್ನು ನೋಡಿ ತಿರಸ್ಕರಿಸುವುದು ಬೇರೆ. ಎರಡನೆಯ ಕೆಲಸ ಮಾಡದ ಆಪರೇಟರ್‌ಗಳು ಈಗಲೂ ಇದ್ದಾರೆ.

ಹಳೆಯ ಬಗೆಯ ಎಡವಟ್ಟುಗಳೂ ನಿಂತಿಲ್ಲ. 2021ರ ಏಪ್ರಿಲ್ 16ರಂದು ಭಾರತದ ವೊಡಾಫೋನ್ ಐಡಿಯಾದ ಎಎಸ್ 55410, ತನ್ನದಲ್ಲದ 30 ಸಾವಿರಕ್ಕೂ ಹೆಚ್ಚು ವಿಳಾಸ ಗುಂಪುಗಳನ್ನು ತನ್ನದೆಂದು ಘೋಷಿಸಿತು. ಇಂಥದ್ದನ್ನು ತಡೆಯಲು ಆರ್‌ಪಿಕೆಐ ಕೂಡ ಬೇಕಿಲ್ಲ. ನೆರೆಯವರು ಸಾಮಾನ್ಯವಾಗಿ ಎಷ್ಟು ದಾರಿ ಕಳಿಸುತ್ತಾರೆ ಎಂದು ನೋಡಿ, ಅದಕ್ಕಿಂತ ತುಸು ಮೇಲೆ ಮಿತಿ ಹಾಕಿಟ್ಟರೆ, ಮಿತಿ ಮೀರಿದೊಡನೆ ರೂಟರ್ ತಾನಾಗಿ ಸಂಪರ್ಕ ಕಡಿಯುತ್ತದೆ. ರೂಟರ್‌ನಲ್ಲಿ ಒಂದು ಸಾಲು ಬರೆದಿಟ್ಟರೆ ಮುಗಿಯುವ ಕೆಲಸವಿದು.

ದಾಖಲೆಯೇ ಕೆಟ್ಟರೆ ಮಾತ್ರ ಕಷ್ಟ ತಿರುಗಿ ಬರುತ್ತದೆ. 2024ರ ಜನವರಿ 3ರಂದು ಒಬ್ಬ ದಾಳಿಕೋರ ರೈಪ್‌ನಲ್ಲಿದ್ದ ಆರೆಂಜ್ ಸ್ಪೇನ್‌ನ ಖಾತೆಗೆ ನುಗ್ಗಿ ತಪ್ಪು ರೋವಾಗಳನ್ನು ಬರೆದ. ಕಂಪನಿಯ ಸರಿಯಾದ ಘೋಷಣೆಗಳೇ ಅಸಿಂಧುವಾದವು, ನಿಯಮ ಪಾಲಿಸುವ ಜಾಲಗಳೇ ಅವನ್ನು ತಳ್ಳಿಹಾಕಿದವು, ಗ್ರಾಹಕರಿಗೆ ಹಲವು ಗಂಟೆ ಇಂಟರ್ನೆಟ್ ಇರಲಿಲ್ಲ. ಆ ಖಾತೆಗೆ ದುರ್ಬಲ ಪಾಸ್‌ವರ್ಡ್ ಬಿಟ್ಟರೆ ಬೇರೆ ಕಾವಲಿರಲಿಲ್ಲ.

ಇನ್ನೊಂದು ಕೊರತೆ ಮೂಲದಲ್ಲೇ ಇದೆ. ರೋವಾ ನೋಡುವುದು ಸರಣಿಯ ಕೊನೆಯ ಸಂಖ್ಯೆಯನ್ನಷ್ಟೇ. ದಾಳಿಕೋರ ಕೊನೆಯಲ್ಲಿ ನಿಜವಾದ ಮಾಲೀಕನ ಸಂಖ್ಯೆಯನ್ನೇ ಬರೆದು, ಅದರ ಮುಂದೆ ತನ್ನದನ್ನು ಸೇರಿಸಿದರೆ ಘೋಷಣೆ ಸಿಂಧುವಾಗಿಯೇ ಕಾಣುತ್ತದೆ. ಸರಣಿಯ ಪ್ರತಿ ಹೆಜ್ಜೆಗೂ ಸಹಿ ಹಾಕಿಸುವ ಬಿಜಿಪಿಸೆಕ್ 2017ರಲ್ಲಿ ಬಂತು. ಆದರೆ ಅದು ರೂಟರ್‌ಗಳಿಗೆ ಭಾರ, ನಡುವೆ ಒಬ್ಬರು ಅಳವಡಿಸದಿದ್ದರೂ ಸಹಿಯ ಸರಪಳಿ ತುಂಡಾಗುತ್ತದೆ, ಹಾಗಾಗಿ ಬಳಕೆಗೆ ಬರಲಿಲ್ಲ. ಈಗ ಐಇಟಿಎಫ್‌ನಲ್ಲಿ ರೂಪುಗೊಳ್ಳುತ್ತಿರುವ ಆಸ್ಪಾ ಹಗುರವಾದ ಹಾದಿ ಹಿಡಿದಿದೆ: ಪ್ರತಿ ಜಾಲವೂ ತಾನು ಯಾರ್‍ಯಾರಿಂದ ಸಂಪರ್ಕ ಕೊಳ್ಳುತ್ತೇನೆ ಎಂಬ ಪಟ್ಟಿಗೆ ಒಮ್ಮೆ ಸಹಿ ಹಾಕಿದರೆ ಸಾಕು. ಪಟ್ಟಿಯಲ್ಲಿಲ್ಲದ ಜಾಲವೊಂದು ಅದರ ಮೇಲಿನ ಆಪರೇಟರ್ ಎಂಬಂತೆ ಸರಣಿಯಲ್ಲಿ ಕಾಣಿಸಿಕೊಂಡರೆ, ದೂರದ ಆಪರೇಟರ್ ಕೂಡ ಅದನ್ನು ಗುರುತಿಸಿ ಬಿಡಬಹುದು.