ನೌಕರರ ಷೇರು ಆಯ್ಕೆಯ ಮೇಲಣ ತೆರಿಗೆ (ಭಾರತ)

ಕಂಪನಿಯೊಂದು ತನ್ನ ನೌಕರನಿಗೆ ಇಂತಿಷ್ಟು ಷೇರುಗಳನ್ನು ಇಂದೇ ಗೊತ್ತುಮಾಡಿದ ಬೆಲೆಗೆ ಮುಂದೊಂದು ದಿನ ಕೊಳ್ಳುವ ಹಕ್ಕನ್ನು ದಯಪಾಲಿಸಿದಾಗ ಆ ಹಕ್ಕಿಗೆ ಸ್ಟಾಕ್ ಆಪ್ಷನ್ ಎಂದೂ, ಅಂತಹ ಹಕ್ಕುಗಳನ್ನು ಹಂಚುವ ಯೋಜನೆಗೆ ಉದ್ಯೋಗಿಗಳ ಬಾಯಲ್ಲಿ ಇಸಾಪ್ ಎಂದೂ ಹೆಸರು. ಈ ಹಕ್ಕಿನ ಆಯುಸ್ಸಿನಲ್ಲಿ ನಾಲ್ಕು ಘಟ್ಟಗಳುಂಟು: ಹಕ್ಕು ಕೊಡಲ್ಪಡುವ ದಿನ, ನಿಯತ ಸೇವಾವಧಿ ಮುಗಿದು ಅದು ನೌಕರನಿಗೆ ಸ್ಥಿರವಾಗಿ ದಕ್ಕುವ ದಿನ, ಅಂದರೆ ವೆಸ್ಟಿಂಗ್, ಹಣ ತೆತ್ತು ಷೇರನ್ನು ಪಡೆಯುವ ದಿನ, ಅಂದರೆ ಹಕ್ಕಿನ ಚಲಾವಣೆ, ಕೊನೆಗೆ ಷೇರನ್ನು ಮಾರುವ ದಿನ. ಇವುಗಳಲ್ಲಿ ಯಾವ ದಿನ ಆದಾಯವು ಹುಟ್ಟಿತೆಂದು ಎಣಿಸಬೇಕು ಎಂಬ ಒಂದೇ ಪ್ರಶ್ನೆಗೆ ಭಾರತದ ಶಾಸನವು ಹತ್ತೇ ವರ್ಷಗಳಲ್ಲಿ ಭಿನ್ನ ಭಿನ್ನ ಉತ್ತರಗಳನ್ನಿತ್ತಿತು. ಈ ತೆರಿಗೆಯ ಇತಿಹಾಸವೆಂಬುದು ಬಹುಮಟ್ಟಿಗೆ ಆ ಉತ್ತರಗಳ ಇತಿಹಾಸವೇ ಆಗಿದೆ.

ಪ್ರಶ್ನೆಯು ಮೊದಲು ತೀಕ್ಷ್ಣವಾಗಿ ಎದ್ದುದು ಬೆಂಗಳೂರಿನಲ್ಲಿ. 1994ರಲ್ಲಿ ಇನ್ಫೋಸಿಸ್ ಕಂಪನಿಯು ನೌಕರರ ಕಲ್ಯಾಣಾರ್ಥವಾದ ಒಂದು ಟ್ರಸ್ಟನ್ನು ರಚಿಸಿ, ಅದಕ್ಕೆ 7,50,000 ವಾರಂಟುಗಳನ್ನು ತಲಾ 1 ರೂಪಾಯಿಗೆ ಹಂಚಿತು. ವಾರಂಟನ್ನು ಹೊಂದಿದ ನೌಕರನು 100 ರೂಪಾಯಿ ತೆತ್ತು ಒಂದು ಷೇರನ್ನು ಪಡೆಯಬಹುದಾಗಿತ್ತು. ಆದರೆ ಐದು ವರ್ಷಗಳವರೆಗೆ ಆ ಷೇರನ್ನು ಮಾರುವಂತಿರಲಿಲ್ಲ. ಪೇಟೆಯಲ್ಲಿ ಷೇರಿನ ಬೆಲೆ ಈ ನೂರು ರೂಪಾಯಿಯನ್ನು ಬಹುದೂರ ಮೀರಿದ್ದುದರಿಂದ, ನಡುವಣ ಅಂತರವೆಲ್ಲವೂ ಸಂಬಳದೊಡನೆ ಸಂದ ಸವಲತ್ತೆಂದೂ, ಅದರ ಮೇಲೆ ಮೂಲದಲ್ಲಿಯೇ ತೆರಿಗೆಯನ್ನು ಮುರಿದುಕೊಳ್ಳದ ಕಂಪನಿಯದೇ ತಪ್ಪೆಂದೂ ಆದಾಯ ತೆರಿಗೆ ಇಲಾಖೆಯು ವಾದಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯವನ್ನು ದಾಟಿ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿದ ಈ ವ್ಯಾಜ್ಯವು 2008ರ ಜನವರಿಯಲ್ಲಿ ಕಂಪನಿಯ ಪರವಾಗಿ ತೀರ್ಮಾನವಾಯಿತು. ಮಾರಲಾಗದ ಷೇರಿನ ಮೇಲಣ ಲಾಭವು ಕೇವಲ ಸಂಭಾವ್ಯವಾದುದು, ಶಾಸನವು ಸ್ಪಷ್ಟವಾಗಿ ವಿಧಿಸದ ಹೊರತು ಅಂತಹ ಸಂಭಾವ್ಯ ಲಾಭವನ್ನು ಸಂಬಳದ ಆದಾಯವೆನ್ನಲಾಗದು ಎಂಬುದು ತೀರ್ಪಿನ ತಿರುಳು. ಲೆಕ್ಕ ಹಾಕುವ ವಿಧಾನವನ್ನೇ ಶಾಸನವು ಹೇಳದಿದ್ದಲ್ಲಿ ತೆರಿಗೆಯೂ ನಿಲ್ಲದು ಎಂಬ ತತ್ತ್ವಕ್ಕೆ ಆಧಾರವಾಗಿದ್ದುದು 1981ರ ಬಿ. ಸಿ. ಶ್ರೀನಿವಾಸ ಶೆಟ್ಟಿ ಪ್ರಕರಣ. ಊದುಬತ್ತಿ ವ್ಯಾಪಾರದ ಸಂಸ್ಥೆಯೊಂದರ ಸದ್ಭಾವನೆಯ ಮೌಲ್ಯದ ಕುರಿತಾದ ವಿವಾದದಿಂದ ಹುಟ್ಟಿದ ನ್ಯಾಯಸೂತ್ರವು ಗಣಕಯುಗದ ನೌಕರರನ್ನು ಕಾಯ್ದುದು ವಿನೋದಕರವಾದ ಸಂಗತಿ.

ತೀರ್ಪು ಬರುವಷ್ಟರಲ್ಲಿ ಶಾಸನವು ಹಲವು ಬಾರಿ ಮಗ್ಗುಲು ಬದಲಿಸಿತ್ತು. 1999ರ ಹಣಕಾಸು ಅಧಿನಿಯಮವು ಷೇರಿನ ಪೇಟೆಬೆಲೆಗೂ ನೌಕರನು ತೆತ್ತ ಬೆಲೆಗೂ ನಡುವಣ ಅಂತರವನ್ನು, ಹಕ್ಕು ಚಲಾಯಿಸಿದ ದಿನದ ಲೆಕ್ಕದಂತೆ, ಸವಲತ್ತೆಂದು ಪರಿಗಣಿಸಿತು. ಇದು ಹಿಂದಿನ ವರ್ಷಗಳಿಗೂ ಅನ್ವಯಿಸುವ ಸ್ಪಷ್ಟೀಕರಣವೆಂಬ ಇಲಾಖೆಯ ವಾದವನ್ನು ನ್ಯಾಯಾಲಯವು ಒಪ್ಪಲಿಲ್ಲ. ಮರುವರ್ಷವೇ ಸಂಸತ್ತು ಹಿಂದೆ ಸರಿದು, ಕೇಂದ್ರ ಸರಕಾರದ ಮಾರ್ಗಸೂಚಿಗಳಿಗೆ ಅನುಗುಣವಾದ ಯೋಜನೆಗಳಲ್ಲಿ ಚಲಾವಣೆಯ ದಿನದ ತೆರಿಗೆಯನ್ನು ಬಿಟ್ಟು, ಮಾರಾಟದ ದಿನ ಬಂಡವಾಳ ಲಾಭದ ಮೇಲಷ್ಟೇ ತೆರಿಗೆಯನ್ನು ಉಳಿಸಿತು. ನೌಕರರಿಗೆ ಇದಕ್ಕಿಂತ ಸಹ್ಯವಾದ ಕಾಲ ಬೇರೊಂದಿರಲಿಲ್ಲವೆಂದೇ ಹೇಳಬಹುದು, ಏಕೆಂದರೆ ಕೈಗೆ ಹಣ ಬಂದ ದಿನವೇ ತೆರಿಗೆಯೂ ಬರುತ್ತಿತ್ತು. 2007ರಲ್ಲಿ ಈ ಸವಲತ್ತನ್ನು ಫ್ರಿಂಜ್ ಬೆನಿಫಿಟ್ ತೆರಿಗೆಯ ವ್ಯಾಪ್ತಿಗೆ ಎಳೆಯಲಾಯಿತು. ತೆರಬೇಕಾದುದು ಕಂಪನಿ, ಬೆಲೆ ಎಣಿಸಬೇಕಾದುದು ವೆಸ್ಟಿಂಗ್ ದಿನದ್ದು, ಆದರೂ ತೆತ್ತುದನ್ನು ನೌಕರನಿಂದಲೇ ವಸೂಲು ಮಾಡಿಕೊಳ್ಳಲು ಕಂಪನಿಗೆ ಅನುಮತಿಯಿತ್ತಾದ್ದರಿಂದ, ಹೊರೆಯು ಹೆಸರಿಗೆ ಒಬ್ಬರದಾಗಿ ಭಾರಕ್ಕೆ ಮತ್ತೊಬ್ಬರದಾಯಿತು. 2009ರಲ್ಲಿ ಆ ತೆರಿಗೆಯೇ ರದ್ದಾಗಿ, ಚಲಾವಣೆಯ ದಿನ ಸಂಬಳದ ಸವಲತ್ತಾಗಿಯೂ ಮಾರಾಟದ ದಿನ ಬಂಡವಾಳ ಲಾಭವಾಗಿಯೂ ಎರಡು ಬಾರಿ ತೆರಿಗೆ ಬೀಳುವ ಪದ್ಧತಿಯು ನೆಲೆಗೊಂಡಿತು.

ಎರಡು ಬಾರಿ ಎಂದ ಮಾತ್ರಕ್ಕೆ ಒಂದೇ ಹಣಕ್ಕೆ ಎರಡು ತೆರಿಗೆಯೆಂದಲ್ಲ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. 100 ರೂಪಾಯಿ ದರದ 1,000 ಆಯ್ಕೆಗಳನ್ನು ಹೊಂದಿದ ಉದ್ಯೋಗಿಯು, ಷೇರಿನ ಬೆಲೆ 900 ರೂಪಾಯಿಗಳಿರುವ ದಿನ ಹಕ್ಕನ್ನು ಚಲಾಯಿಸಿದಳೆನ್ನಿ. ಪೇಟೆಯಲ್ಲಿ ನೋಂದಾಯಿತವಾದ ಷೇರಾದರೆ ಆ ದಿನದ ಆರಂಭ ಹಾಗೂ ಮುಕ್ತಾಯದ ಬೆಲೆಗಳ ಸರಾಸರಿಯೇ ಈ ಬೆಲೆ. ನೋಂದಣಿಯಿಲ್ಲದ ಕಂಪನಿಯಾದರೆ ಮರ್ಚೆಂಟ್ ಬ್ಯಾಂಕರನು ನಿರ್ಧರಿಸಿದ್ದು. ಸವಲತ್ತಿನ ಮೌಲ್ಯ 8 ಲಕ್ಷ ರೂಪಾಯಿ. ಶೇಕಡ 30ರ ಹಂತದಲ್ಲಿರುವವಳಿಗೆ ಸೆಸ್ ಸೇರಿ 2,49,600 ರೂಪಾಯಿ ತೆರಿಗೆ. ಇದನ್ನು ಕಂಪನಿಯು ಸಂಬಳದಿಂದ ಮುರಿಯುತ್ತದೆ, ಇಲ್ಲವೆ ಅಷ್ಟಕ್ಕೆ ಸಾಕಾಗುವ ಷೇರುಗಳನ್ನು ಮಾರಿ ಭರಿಸುತ್ತದೆ. ಸಂಬಳದಿಂದಲೇ ಭರಿಸಿ ಅಷ್ಟೂ ಷೇರುಗಳನ್ನು ಇಟ್ಟುಕೊಂಡು, ಹದಿನಾಲ್ಕು ತಿಂಗಳ ತರುವಾಯ 1,300 ರೂಪಾಯಿಗೆ ಅವಳು ಪೇಟೆಯಲ್ಲಿ ಮಾರಿದರೆ, ಕೊಂಡ ಬೆಲೆಯೆಂದು ಎಣಿಸಬೇಕಾದುದು ತೆತ್ತ ನೂರನ್ನಲ್ಲ, ಈಗಾಗಲೇ ತೆರಿಗೆಗೆ ಒಳಪಟ್ಟ ಒಂಬೈನೂರನ್ನು. ಆದುದರಿಂದ ಲಾಭ 4 ಲಕ್ಷ. 2024ರ ಜುಲೈ 23ರಿಂದ ಜಾರಿಯಾದ ನಿಯಮದಂತೆ ವರ್ಷಕ್ಕೆ 1.25 ಲಕ್ಷದವರೆಗಿನ ವಿನಾಯಿತಿಯನ್ನು ಕಳೆದು, ಉಳಿದುದಕ್ಕೆ ಶೇಕಡ 12.5ರಂತೆ 34,375 ರೂಪಾಯಿಯೂ ಅದರ ಮೇಲಣ ಸೆಸ್ಸೂ ಸಲ್ಲಬೇಕು. ಹನ್ನೆರಡು ತಿಂಗಳೊಳಗೆ ಮಾರಿದ್ದರೆ ಶೇಕಡ 20. ಈ ಕಾಲಗಣನೆ ಆರಂಭವಾಗುವುದು ಷೇರು ಹಂಚಿಕೆಯಾದ ದಿನದಿಂದಲೇ ಹೊರತು ಆಯ್ಕೆಯು ದೊರೆತ ದಿನದಿಂದಲ್ಲ.

ತಪ್ಪು ನುಸುಳುವುದು ಬಹುಧಾ ಕೊಂಡ ಬೆಲೆಯ ಎಣಿಕೆಯಲ್ಲಿಯೇ. ತಾನು ತೆತ್ತ ನೂರು ರೂಪಾಯಿಯನ್ನೇ ಕೊಂಡ ಬೆಲೆಯೆಂದು ತೆರಿಗೆ ವಿವರಪಟ್ಟಿಯಲ್ಲಿ ಬರೆದವನು ಅದೇ 8 ಲಕ್ಷಕ್ಕೆ ಎರಡನೆಯ ಬಾರಿ ತೆರಿಗೆ ತೆರುತ್ತಾನೆ. ಸಂಬಳದ ಫಾರಂ 16ರೊಡನೆ ಬರುವ ಫಾರಂ 12ಬಿಎಯಲ್ಲಿ ನಮೂದಾದ ಸವಲತ್ತಿನ ಮೌಲ್ಯವನ್ನು ಮಾರಾಟದ ಲೆಕ್ಕದೊಡನೆ ಹೋಲಿಸಿ ನೋಡಿದರೆ ತಪ್ಪು ಕೂಡಲೆ ಗೋಚರಿಸುತ್ತದೆ. ಆದರೆ ಹೋಲಿಸಿ ನೋಡಿದರೂ ಪರಿಹಾರವಾಗದ ಕಷ್ಟವೊಂದುಂಟು. ಮೇಲಿನ ಉದ್ಯೋಗಿಯು ಬೆಲೆ 600ಕ್ಕೆ ಇಳಿದಾಗ ಮಾರಬೇಕಾಗಿ ಬಂದಿತೆನ್ನಿ: ಅವಳ ನಿಜವಾದ ಗಳಿಕೆ 5 ಲಕ್ಷ, ತೆರಿಗೆ ತೆತ್ತುದು 8 ಲಕ್ಷಕ್ಕೆ. ನಡುವಿನ 3 ಲಕ್ಷವು ಬಂಡವಾಳ ನಷ್ಟವೆನಿಸುವುದಾದರೂ, ಅದನ್ನು ಸಂಬಳದ ಆದಾಯದಿಂದ ಕಳೆಯಲು ಕಾನೂನು ಬಿಡದು. ಎಂಟು ವರ್ಷಗಳೊಳಗೆ ನಿಯಮವೊಪ್ಪುವ ಬಂಡವಾಳ ಲಾಭ ಬಂದರೆ ಅದರೆದುರು ಮಾತ್ರ ವಜಾ ಮಾಡಿಕೊಳ್ಳಬಹುದು. ಪದ್ಧತಿಯ ನ್ಯಾಯವು ಅತ್ಯಂತ ದುರ್ಬಲವಾಗಿರುವುದು ಈ ಬಿಂದುವಿನಲ್ಲಿಯೇ.

ರಿಯಾಯಿತಿ ದರದಲ್ಲಿ ಷೇರನ್ನು ನೇರವಾಗಿ ಮಾರುವ ನೌಕರರ ಷೇರು ಖರೀದಿ ಯೋಜನೆಗಳಿಗೂ ಇದೇ ಕ್ರಮ. ಅಲ್ಲಿ ರಿಯಾಯಿತಿಯೇ ಸವಲತ್ತು.

ಪೇಟೆಗೆ ಬಾರದ ಸ್ಟಾರ್ಟಪ್‌ಗಳಲ್ಲಿ ಕಷ್ಟವು ಇಮ್ಮಡಿಸಿತು, ಏಕೆಂದರೆ ಕೊಳ್ಳುವವರೇ ಇಲ್ಲದ ಷೇರಿಗೆ ಕೈಯಿಂದ ತೆರಿಗೆ ತೆರಬೇಕಾಯಿತು. 2020ರ ಹಣಕಾಸು ಅಧಿನಿಯಮವು ಇದಕ್ಕೆ ಭಾಗಶಃ ಪರಿಹಾರವನ್ನಿತ್ತು, ಸಂಬಂಧಪಟ್ಟ ತೆರಿಗೆ ನಿರ್ಧಾರಣಾ ವರ್ಷವು ಮುಗಿದು 48 ತಿಂಗಳು ಕಳೆಯುವುದು, ಷೇರನ್ನು ಮಾರುವುದು, ಕೆಲಸವನ್ನು ಬಿಡುವುದು, ಈ ಮೂರರಲ್ಲಿ ಯಾವುದು ಮೊದಲೋ ಅದಾದ 14 ದಿನಗಳೊಳಗೆ ತೆರಿಗೆ ಸಂದರೆ ಸಾಕೆಂದಿತು. ಈ ಅನುಕೂಲವು ಎಲ್ಲ ಸ್ಟಾರ್ಟಪ್‌ಗಳಿಗೂ ದೊರೆಯದು. ಲಾಭದ ಮೇಲಣ ತೆರಿಗೆ ರಜೆಗೆ ಅರ್ಹತೆಯ ಪ್ರಮಾಣಪತ್ರವನ್ನು ಪಡೆದ ಕಂಪನಿಗಳ ನೌಕರರಿಗೆ ಮಾತ್ರ ಮೀಸಲಾಗಿದೆ. ದೊರೆತವರಿಗೂ ಮುಂದೆ ಹೋಗುವುದು ತೆರುವ ದಿನವೇ ಹೊರತು ತೆರಬೇಕಾದ ಮೊತ್ತವಲ್ಲ: ತೆರಿಗೆಯ ದರವೂ ಷೇರಿನ ಮೌಲ್ಯವೂ ಹಿಂದಿನವೇ ಆಗಿ ನಿಲ್ಲುವುದರಿಂದ, ಷೇರು ಅಷ್ಟರಲ್ಲಿ ಬೆಲೆಗೆಟ್ಟಿದ್ದರೂ, ಅದನ್ನು ಇನ್ನೂ ಮಾರಲಾಗದೆ ಕೆಲಸ ಬಿಟ್ಟು ಹೋಗುವವನು ಆ ಹಳೆಯ ಮೌಲ್ಯಕ್ಕೇ ತೆರಿಗೆಯನ್ನು ಸಲ್ಲಿಸಬೇಕು.