ಕೋಡ್ ಸೇರಿದ ತಕ್ಷಣ ಚೀಟಿ ಮುಚ್ಚೋದು ಯಾರು? 🧵

1/6
ಅಕೌಂಟ್ಸ್ ಓದೋರಿಗೆ ಇದು ಬೇಗ ಅರ್ಥ ಆಗುತ್ತೆ. ವೋಚರ್ ಒಂದು ಕಡೆ, ಲೆಡ್ಜರ್ ಇನ್ನೊಂದು ಕಡೆ. ಎರಡನ್ನೂ ಜೋಡಿಸೋದು ವೋಚರ್ ನಂಬರ್. ಆ ನಂಬರ್ ಬರೀದಿದ್ರೆ ಎರಡು ಪುಸ್ತಕಗಳೂ ಬೇರೆ ಬೇರೆ ಕಥೆ ಹೇಳ್ತವೆ.

ಸಾಫ್ಟ್‌ವೇರ್ ಮಾಡೋರ ಹತ್ರಾನೂ ಇಂಥ ಎರಡು ಪುಸ್ತಕ ಇರುತ್ತೆ. ಒಂದು ಕೆಲಸದ ಚೀಟಿಗಳದ್ದು: "ಈ ತಪ್ಪು ಸರಿಪಡಿಸಿ" ಅಂತ ಯಾರೋ ಬರೆದ ಇಶ್ಯೂ. ಇನ್ನೊಂದು ಕೋಡ್‌ನದ್ದು: ಅಲ್ಲಿ ದಾಖಲಾಗೋ ಒಂದೊಂದು ಬದಲಾವಣೆಗೂ ಕಮಿಟ್ ಅಂತ ಹೆಸರು. ಕೋಡ್ ಸರಿಯಾದ ಮೇಲೆ ಚೀಟಿಯನ್ನೂ ಯಾರಾದ್ರೂ ಹೋಗಿ ಮುಚ್ಚಬೇಕು. ಮರೆತುಬಿಟ್ರೆ ಮುಗಿದ ಕೆಲಸಾನೂ ಬಾಕಿ ಅಂತಾನೇ ಕಾಣುತ್ತೆ.

ಈ ಮುಚ್ಚೋ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ಚರಿತ್ರೆ ಇವತ್ತಿನ ವಿಷಯ. ಇದರಲ್ಲಿ ಮತ್ತೆ ಮತ್ತೆ ಎದುರಾಗಿದ್ದು ಒಂದೇ ಪ್ರಶ್ನೆ: ಕೆಲಸ "ಮುಗಿಯೋದು" ಯಾವಾಗ?

2/6
ಡೆಬಿಯನ್ ಅನ್ನೋದು 1993ರಲ್ಲಿ ಶುರುವಾದ ಉಚಿತ ಆಪರೇಟಿಂಗ್ ಸಿಸ್ಟಮ್. ಅದನ್ನು ಕಟ್ಟೋದು ಬೇರೆ ಬೇರೆ ದೇಶಗಳಲ್ಲಿರೋ ಸ್ವಯಂಸೇವಕರು. ಅದರ ದೋಷ ದಾಖಲೆಯ ವ್ಯವಸ್ಥೆಯನ್ನು ಇಯಾನ್ ಜಾಕ್ಸನ್ 1994ರಲ್ಲಿ ಶುರು ಮಾಡಿದ್ರು. ಅದು ಪೂರ್ತಿ ಈಮೇಲ್ ಮೇಲೆ ನಡೆಯುತ್ತೆ. ದೂರು ಕೊಡೋಕೆ ಒಂದು ಮೇಲ್, ದೂರು ಮುಚ್ಚೋಕೆ ಆ ದೂರಿನ ನಂಬರ್ ಇರೋ ವಿಳಾಸಕ್ಕೆ ಇನ್ನೊಂದು ಮೇಲ್.

ಮುಂದೆ ಈ ಎರಡನೇ ಮೇಲ್ ಕೈಯಲ್ಲಿ ಬರೆಯೋ ಅಗತ್ಯ ತಪ್ಪಿತು. ಪ್ರತಿ ಪ್ಯಾಕೇಜ್ ಜೊತೆ "ಈ ಸಲ ಏನು ಬದಲಾಯಿತು" ಅಂತ ಬರೆದಿಡೋ ಫೈಲ್ ಒಂದಿರುತ್ತೆ. ಅದರಲ್ಲಿ ಈ ಥರ ಒಂದು ಸಾಲು ಬರೆದ್ರೆ ಸಾಕು (ನಂಬರ್ ಉದಾಹರಣೆಗೆ ಮಾತ್ರ):

```
  * Show leap day correctly. (Closes: #123456)
```

ಇಲ್ಲಿ ಒಂದು ಸೂಕ್ಷ್ಮ ಇದೆ ನೋಡಿ. ಸಾಲು ಬರೆದ ಕೂಡಲೇ ದೂರು ಮುಚ್ಚಲ್ಲ. ಪ್ಯಾಕೇಜ್ ಅಪ್‌ಲೋಡ್ ಆಗಿ, ಡೆಬಿಯನ್‌ನ ಭಂಡಾರ ಅದನ್ನು ಒಪ್ಪಿಕೊಂಡ ಮೇಲೇ ಯಂತ್ರ ಆ ಮೇಲ್ ಕಳಿಸೋದು. ಅಂದ್ರೆ ಬರೆದದ್ದು ಬರೀ ಮಾತು, ಸ್ವೀಕಾರ ಆದದ್ದೇ ಮುಕ್ತಾಯ. ದೂರು ಕೊಟ್ಟವರಿಗೂ "ನಿಮ್ಮ ದೂರು ಮುಚ್ಚಿದೆ" ಅಂತ ಪತ್ರ ಹೋಗುತ್ತೆ. ಹಾಗಾಗಿ ಬೇಗ ಮುಚ್ಚಿದ್ರೆ ಅದು ಒಬ್ಬ ಮನುಷ್ಯನಿಗೆ ಹೇಳಿದ ಸುಳ್ಳಾಗುತ್ತೆ.

3/6
ಆದ್ರೂ ಒಂದು ತೊಡಕು ಉಳಿದಿತ್ತು. ಡೆಬಿಯನ್‌ನಲ್ಲಿ ಹೊಸದನ್ನು ಮೊದಲು ತರೋ ಆವೃತ್ತಿ ಒಂದು, ಜನ ನೆಮ್ಮದಿಯಾಗಿ ಬಳಸೋ ಸ್ಥಿರ ಆವೃತ್ತಿ ಇನ್ನೊಂದು. ಹೊಸದರಲ್ಲಿ ದೋಷ ಸರಿಯಾಯ್ತು, ದೂರು ಮುಚ್ಚಿತು. ಸ್ಥಿರ ಆವೃತ್ತಿ ಬಳಸೋರಿಗೆ ಮಾತ್ರ ಅದೇ ದೋಷ ಹಾಗೇ ಇದೆ!

2005ರಲ್ಲಿ ಡೆಬಿಯನ್ ಇದಕ್ಕೆ ಆವೃತ್ತಿ ಲೆಕ್ಕ ತಂದಿತು. ಅಲ್ಲಿಂದ ದೂರಿನ ಮೇಲೆ ಬರೀ "ತೆರೆದಿದೆ / ಮುಚ್ಚಿದೆ" ಅಲ್ಲ, ಯಾವ ಆವೃತ್ತಿಯಲ್ಲಿ ದೋಷ ಕಂಡಿತು, ಯಾವುದರಲ್ಲಿ ಸರಿಯಾಯಿತು ಅಂತಾನೂ ದಾಖಲಾಗತೊಡಗಿತು. ಒಂದೇ ದೋಷ ಒಬ್ಬರಿಗೆ ಮುಗಿದಿರಬಹುದು, ಇನ್ನೊಬ್ಬರಿಗೆ ಬಾಕಿ ಇರಬಹುದು ಅಂತ ಯಂತ್ರಕ್ಕೆ ಆಗ ಅರ್ಥವಾಯಿತು ಅನ್ನಿ.

4/6
ಈಗ ನಮ್ಮ ಬಿಸಿಎ ಗೆಳೆಯರೆಲ್ಲ ಬಳಸೋ ಗಿಟ್‌ಹಬ್‌ಗೆ ಬರೋಣ. ಅದು ಎಲ್ಲರಿಗೂ ತೆರೆದದ್ದು 2008ರಲ್ಲಿ. ಕಮಿಟ್ ಸಂದೇಶದಲ್ಲಿ `Fixes #33` ಅಂತ ಬರೆದ್ರೆ 33ನೇ ಇಶ್ಯೂ ಮುಚ್ಚೋ ಸೌಲಭ್ಯ ಇಲ್ಲೂ ಬಂತು.

ಆದ್ರೆ ಗಿಟ್‌ನಲ್ಲಿ ಕೋಡ್‌ಗೆ ಎಷ್ಟು ಬ್ರಾಂಚ್ ಬೇಕಾದ್ರೂ ಇರಬಹುದು. ಪಕ್ಕದ ಬ್ರಾಂಚ್‌ನಲ್ಲಿ ಸರಿಯಾದದ್ದು ಮುಖ್ಯ ಬ್ರಾಂಚ್‌ಗೆ ಎಂದೂ ಬರದೇ ಹೋಗಬಹುದು. 2013ರ ಜನವರಿಯಲ್ಲಿ ಗಿಟ್‌ಹಬ್ ನಿಯಮ ಬಿಗಿ ಮಾಡಿತು: ಆ ಕಮಿಟ್ ಯೋಜನೆಯ ಡೀಫಾಲ್ಟ್ ಬ್ರಾಂಚ್‌ಗೆ ಸೇರಿದಾಗ ಮಾತ್ರ ಇಶ್ಯೂ ಮುಚ್ಚಬೇಕು. ಅದೇ ವರ್ಷ ಮೇನಲ್ಲಿ ಪುಲ್ ರಿಕ್ವೆಸ್ಟ್‌ಗೂ ಈ ಸೌಲಭ್ಯ ಬಂತು. ಪುಲ್ ರಿಕ್ವೆಸ್ಟ್ ಅಂದ್ರೆ "ನನ್ನ ಬದಲಾವಣೆ ಸೇರಿಸಿಕೊಳ್ಳಿ" ಅನ್ನೋ ಮನವಿ. ಅದರ ವಿವರಣೆಯಲ್ಲಿ ಈ ಪದ ಬರೆದಿದ್ರೆ, ಮನವಿ ಮರ್ಜ್ ಆದ ಕ್ಷಣ ಇಶ್ಯೂ ತಾನೇ ಮುಚ್ಚುತ್ತೆ.

ಚೆಕ್ ಬರೆದುಕೊಟ್ಟ ದಿನ ಬೇರೆ, ಬ್ಯಾಂಕಲ್ಲಿ ಕ್ಲಿಯರ್ ಆದ ದಿನ ಬೇರೆ ಅಲ್ವಾ? ಗಿಟ್‌ಹಬ್ ಕ್ಲಿಯರ್ ಆದ ದಿನವನ್ನೇ ಹಿಡಿದುಕೊಂಡಿತು.

5/6
ಒಂದು ಲೆಕ್ಕ ಬಿಡಿಸಿ ನೋಡೋಣ. ಮೂರು ಜನರ ತಂಡ, ಫೀಸ್ ರಸೀದಿಯ ಆ್ಯಪ್ ಅಂತ ಇಟ್ಕೊಳ್ಳಿ. 41ನೇ ಇಶ್ಯೂ: ರಸೀದಿಯಲ್ಲಿ ಪೈಸೆ ತಪ್ಪು ಬರ್ತಿದೆ. 42ನೇ ಇಶ್ಯೂ: ದಿನಾಂಕ ತಪ್ಪು ಬರ್ತಿದೆ. ಡೀಫಾಲ್ಟ್ ಬ್ರಾಂಚ್ `main`, ದಿನನಿತ್ಯದ ಕೆಲಸ `develop`ನಲ್ಲಿ. ಎರಡೂ ದೋಷ ಸರಿಮಾಡಿದ ಒಬ್ಬಳು ಪುಲ್ ರಿಕ್ವೆಸ್ಟ್‌ನ ವಿವರಣೆಯಲ್ಲಿ ಹೀಗೆ ಬರೀತಾಳೆ:

```
Fixes #41, #42
```

ಮನವಿ `develop`ಗೆ ಮರ್ಜ್ ಆಯ್ತು. ಯಾವ ಇಶ್ಯೂನೂ ಮುಚ್ಚಲಿಲ್ಲ, ಯಾಕಂದ್ರೆ ಅದು ಡೀಫಾಲ್ಟ್ ಬ್ರಾಂಚ್ ಅಲ್ಲ. ವಾರ ಬಿಟ್ಟು `develop` ಪೂರ್ತಿ `main`ಗೆ ಸೇರಿತು. ಆಗಲೂ ಇಲ್ಲ! ಪದ ಇದ್ದದ್ದು ಹಳೇ ಮನವಿಯ ವಿವರಣೆಯಲ್ಲಿ, `main`ಗೆ ಬಂದದ್ದು ಕಮಿಟ್‌ಗಳು. ಕಮಿಟ್ ಸಂದೇಶದಲ್ಲೇ ಬರೆದಿದ್ರೆ ಈಗ ಮುಚ್ಚುತ್ತಿತ್ತು, ಆದ್ರೆ 41 ಮಾತ್ರ. ಗಿಟ್‌ಹಬ್‌ಗೆ ಪ್ರತಿ ನಂಬರ್ ಹಿಂದೆಯೂ ಪದ ಬೇಕು:

```
Fixes #41, fixes #42
```

ಡೆಬಿಯನ್‌ನಲ್ಲಾದ್ರೆ ಒಂದೇ `Closes:` ಆದ್ಮೇಲೆ ಕಾಮಾ ಹಾಕಿ ಎಷ್ಟು ನಂಬರ್ ಬೇಕಾದ್ರೂ ಬರೀಬಹುದು. ಅಲ್ಲಿ ಕಲಿತ ಅಭ್ಯಾಸ ಇಲ್ಲಿ ನಡೆಯಲ್ಲ.

ಇನ್ನೊಂದು ತಮಾಷೆ: "ಇದರಿಂದ 41 ಸರಿಯಾಗಲ್ಲ" ಅಂತ ಹೇಳೋಕೆ `doesn't fix #41` ಅಂತ ಬರೆದ್ರೂ ಇಶ್ಯೂ ಮುಚ್ಚಿಹೋಗುತ್ತೆ. ಯಂತ್ರ ವಾಕ್ಯ ಓದಲ್ಲ, `fix` ಮತ್ತು ನಂಬರ್ ಪಕ್ಕಪಕ್ಕ ಇದೆಯಾ ಅಂತ ನೋಡುತ್ತೆ, ಅಷ್ಟೇ.

ಜೋಡಣೆ ಸರಿಯಾಗಿದೆಯಾ ಅಂತ ಮರ್ಜ್‌ಗೆ ಮೊದಲೇ ತಿಳೀಬಹುದು. ಇಶ್ಯೂ ಪುಟದ ಬದಿಯಲ್ಲಿ `Development` ಅನ್ನೋ ಜಾಗ ಇದೆ. ಅಲ್ಲಿ ನಿಮ್ಮ ಪುಲ್ ರಿಕ್ವೆಸ್ಟ್ ಕಾಣದಿದ್ರೆ ಕೊಂಡಿ ಬಿದ್ದಿಲ್ಲ ಅಂತ ಅರ್ಥ.

6/6
ಕೊನೆಗೆ ಅದೇ ಪ್ರಶ್ನೆ. 41 ಮುಚ್ಚಿದೆ ಅಂದ್ರೆ ಕೋಡ್ `main` ಸೇರಿದೆ ಅಂತ ಮಾತ್ರ. ಹೊಸ ಆವೃತ್ತಿ ಬಿಡುಗಡೆ ಆಗೋವರೆಗೂ ರಸೀದಿ ಹಿಡಿದು ಕೌಂಟರ್ ಮುಂದೆ ನಿಂತೋರಿಗೆ ತಪ್ಪು ಪೈಸೆನೇ ಕಾಣುತ್ತೆ. ಸರಿಪಡಿಸಿದ ಕೋಡ್‌ನಿಂದ ಬೇರೇನೋ ಕೆಟ್ಟು, ಅದನ್ನು ರಿವರ್ಟ್ ಮಾಡಿದ್ರೆ ದೋಷ ವಾಪಸ್ ಬರುತ್ತೆ, ಇಶ್ಯೂ ಮಾತ್ರ ಮುಚ್ಚಿಕೊಂಡೇ ಇರುತ್ತೆ. ತೆರೆಯೋಕೆ ಮನುಷ್ಯರೇ ಬೇಕು.

ಡೆಬಿಯನ್ 2005ರಲ್ಲಿ "ಯಾವ ಆವೃತ್ತಿಯಲ್ಲಿ?" ಅಂತ ಕೇಳಿದ್ದು ಇದಕ್ಕೇ. ಗಿಟ್‌ಹಬ್ ಬಳಸೋ ತಂಡಕ್ಕೆ ಆ ಉತ್ತರ ಬೇಕಿದ್ರೆ "ಮರ್ಜ್ ಆಗಿದೆ" ಅನ್ನೋದಕ್ಕೂ "ಬಳಕೆದಾರರಿಗೆ ತಲುಪಿದೆ" ಅನ್ನೋದಕ್ಕೂ ಬೇರೆ ಬೇರೆ ಕಾಲಂ ಇಡಬೇಕು. ಮೊದಲನೇದನ್ನು ಯಂತ್ರ ತುಂಬಲಿ. ಎರಡನೇದನ್ನು ಬಿಡುಗಡೆ ಮಾಡಿದವರು, ರಸೀದಿ ಒಂದನ್ನು ತೆಗೆದು ಪೈಸೆ ನೋಡಿದ ಮೇಲೆ ತುಂಬಲಿ.

#ಕೋಡ್‌ಚರಿತ್ರೆ #ಕನ್ನಡದಲ್ಲಿತಂತ್ರಜ್ಞಾನ