ಹಾವು ಕಡಿತ: ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ನಂಬಿಕೆಗಳು ಮತ್ತು ಪ್ರಥಮ ಚಿಕಿತ್ಸೆ

ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಹಾವು ಕಡಿಯಿತು ಎಂದು ಬಾಯಿಬಿಟ್ಟು ಹೇಳುವವರು ಕಡಿಮೆ. "ಹುಳ ಮುಟ್ಟೇತಿ" ಎನ್ನುವುದು ರೂಢಿ. ರಾತ್ರಿ ಹೊತ್ತು ಅದರ ಹೆಸರೆತ್ತಬಾರದು, ಎತ್ತಿದರೆ ಮನೆ ಬಾಗಿಲಿಗೆ ಬರುತ್ತದೆ ಎಂಬ ಅಂಜಿಕೆ ಈ ಮಾತಿನ ಹಿಂದಿದೆ. ಪಂಚಮಿ ಹಬ್ಬದಲ್ಲಿ ಹುತ್ತಕ್ಕೆ ಹಾಲೆರೆಯುವ ಜನರಿಗೆ ಈ ಭಯಭಕ್ತಿ ಸಹಜ. ಆದರೆ ಅದೇ ಮಾತನ್ನು ಆಸ್ಪತ್ರೆಯಲ್ಲೂ ಆಡಿದರೆ, ಬೇರೆ ಸೀಮೆಯಿಂದ ಬಂದ ವೈದ್ಯರು ಯಾವುದೋ ಕೀಟ ಕಚ್ಚಿರಬೇಕು ಎಂದುಕೊಳ್ಳಬಹುದು. ಆಸ್ಪತ್ರೆಯ ಬಾಗಿಲಲ್ಲಿ ಮೊದಲು ಹೇಳಬೇಕಾದ ಮಾತು "ಹಾವು ಕಡಿದಿದೆ" ಎಂಬುದು. ಎರಡನೆಯದು ಕಡಿದ ಹೊತ್ತು.

ಭಾರತದಲ್ಲಿ 300ಕ್ಕೂ ಹೆಚ್ಚು ಜಾತಿಯ ಹಾವುಗಳಿವೆ. ಸಾವು ತರುವ ಕಡಿತಗಳಲ್ಲಿ ಬಹುಪಾಲು ನಾಲ್ಕೇ ಹಾವುಗಳವು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ. ಹಾನಗಲ್ಲ ಮಲೆನಾಡಿನ ಸೆರಗು, ಭತ್ತದ ನಾಡು. ಉಳಿದ ಕಡೆ ಗೋವಿನಜೋಳ, ಹತ್ತಿ, ಶೇಂಗಾ ಹೆಚ್ಚು. ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಪಡಸಾಲೆಯಲ್ಲಿ ರಾಶಿ ಹಾಕಿದ ಗೋವಿನಜೋಳ, ಹಿತ್ತಲ ಬಣವೆ, ಗೋಡೆಗೆ ಒಟ್ಟಿದ ಕಟ್ಟಿಗೆ ಇವೇ ಹಾವನ್ನು ಮನೆಯ ಹತ್ತಿರ ತರುತ್ತವೆ. ಹಾವು ಹನ್ನೆರಡು ವರ್ಷ ಹಗೆ ಸಾಧಿಸಿ ಹುಡುಕಿಕೊಂಡು ಬರುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಅದು ಬರುವುದು ಇಲಿಯ ಜಾಡು ಹಿಡಿದು.

ಕಟ್ಟು ಹಾಕುವ ತಪ್ಪು

ಕಡಿದ ಕೂಡಲೇ ನಡೆಯುವ ಮೊದಲ ಕೆಲಸ, ಕಡಿದ ಜಾಗದ ಮೇಲ್ಗಡೆ ಹಗ್ಗ, ಉಡದಾರ ಅಥವಾ ಸೀರೆಯ ಅಂಚನ್ನು ಬಿಗಿಯಾಗಿ ಬಿಗಿಯುವುದು. ವಿಷ ಮೇಲೇರದಂತೆ ತಡೆಯಬೇಕು ಎಂಬ ಲೆಕ್ಕ ನೋಡಲು ಸರಿಯಾಗಿಯೇ ಕಾಣುತ್ತದೆ. ಹಳೆಯ ಶಾಲಾ ಪುಸ್ತಕಗಳೂ ಇದನ್ನೇ ಕಲಿಸಿದ್ದವು. ಹೀಗಾಗಿ ಓದಿದವರೂ ಈ ತಪ್ಪು ಮಾಡುತ್ತಾರೆ. ಆದರೆ ಮಂಡಲದ ಹಾವುಗಳ ವಿಷ ಬಿದ್ದಲ್ಲೇ ಮಾಂಸವನ್ನು ತಿನ್ನುತ್ತದೆ. ಕಟ್ಟು ಬಿಗಿದರೆ ಆ ವಿಷವೆಲ್ಲ ಒಂದೇ ಕಡೆ ನಿಲ್ಲುತ್ತದೆ, ರಕ್ತ ಹರಿಯದೆ ಕಾಲು ನೀಲಿಗಟ್ಟುತ್ತದೆ, ಜೀವ ಉಳಿದರೂ ಬೆರಳು ಅಥವಾ ಪಾದವನ್ನು ಕತ್ತರಿಸುವ ಸ್ಥಿತಿ ಬರಬಹುದು. ಕಟ್ಟಿದ್ದೇವೆ ಎಂಬ ಧೈರ್ಯದಲ್ಲಿ ಮನೆಯವರು ನಿಧಾನವಾಗುತ್ತಾರೆ ಎನ್ನುವುದು ಇನ್ನೊಂದು ಕೇಡು.

ಯಾರೋ ಆಗಲೇ ಬಿಗಿಯಾಗಿ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಥಟ್ಟನೆ ಬಿಚ್ಚಬಾರದು. ನಿಂತಿದ್ದ ವಿಷ ಒಮ್ಮೆಗೇ ಮೈಗೆ ನುಗ್ಗಿ ರಕ್ತದೊತ್ತಡ ಕುಸಿಯಬಹುದು, ಉಸಿರು ನಿಲ್ಲಬಹುದು. ರಕ್ತನಾಳಕ್ಕೆ ಸೂಜಿ ಹಾಕಿ, ಔಷಧಿ ಸಿದ್ಧವಿಟ್ಟುಕೊಂಡು ಬಿಚ್ಚುವುದು ಆಸ್ಪತ್ರೆಯವರ ಕೆಲಸ. ಆದ್ದರಿಂದ ಕಟ್ಟು ಹಾಕಿದ್ದಿದ್ದರೆ ಅದನ್ನೂ ಅವರಿಗೆ ಮೊದಲೇ ಹೇಳಬೇಕು.

ಗಾಯವನ್ನು ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ವಿಷಕಲ್ಲು ಹಚ್ಚುವುದು ಇವುಗಳಿಂದಲೂ ವಿಷ ಹೊರಬರುವುದಿಲ್ಲ. ವಿಷ ಚರ್ಮದ ಒಳಪದರ ಸೇರಿ ಹರಡತೊಡಗಿರುತ್ತದೆ. ಮಂಡಲದ ಹಾವಿನ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುವುದರಿಂದ ಕೊಯ್ದ ಗಾಯದ ರಕ್ತ ನಿಲ್ಲುವುದೇ ಇಲ್ಲ. ವಿಷಕಲ್ಲು ಅಂಟಿಕೊಳ್ಳುವುದು ನಿಜ. ಆದರೆ ಸಾಮಾನ್ಯವಾಗಿ ಅದು ಸುಟ್ಟ ಎಲುಬಿನ ತುಂಡು. ಅದರ ಸಣ್ಣ ರಂಧ್ರಗಳು ಒದ್ದೆಯನ್ನು ಹೀರುವುದರಿಂದ ಯಾವ ಹಸಿ ಗಾಯಕ್ಕಾದರೂ ಅಂಟುತ್ತದೆ.

ಬೇವು ಮತ್ತು ಮೆಣಸಿನಕಾಯಿಯ ಪರೀಕ್ಷೆ

ಕಡಿಸಿಕೊಂಡವರಿಗೆ ಬೇವಿನ ತಪ್ಪಲು ಅಥವಾ ಮೆಣಸಿನಕಾಯಿ ತಿನ್ನಿಸಿ, ಕಹಿ ಇಲ್ಲವೇ ಖಾರ ಹತ್ತದಿದ್ದರೆ ವಿಷ ಏರಿದೆ, ಹತ್ತಿದರೆ ಏರಿಲ್ಲ ಎಂದು ತೀರ್ಮಾನಿಸುವ ಪದ್ಧತಿಯಿದೆ. ಬಣ್ಣಕ್ಕೆ ಹೆಸರಾಗಿ ಖಾರದಲ್ಲಿ ಕಡಿಮೆಯಿರುವ ಬ್ಯಾಡಗಿ ಮೆಣಸಿನಕಾಯಿಯ ಜಿಲ್ಲೆಯಲ್ಲಿ ಈ ಪರೀಕ್ಷೆಯ ಗತಿ ಏನೆಂದು ಯಾರಾದರೂ ಊಹಿಸಬಹುದು. ಹಾವಿನ ವಿಷಕ್ಕೂ ನಾಲಿಗೆಯ ರುಚಿಗೂ ಇಂಥ ಸಂಬಂಧವಿಲ್ಲ. ಹೆದರಿ ಬಾಯಿ ಒಣಗಿದವರಿಗೆ ಏನೂ ರುಚಿಸದು, ವಿಷವೇರಿದವರಿಗೆ ಬೇವು ಕಹಿಯಾಗಿಯೇ ಇರಬಹುದು. "ಕಹಿ ಆತು, ಇನ್ನೇನೂ ಆಗೂದಿಲ್ಲ" ಎಂದು ಮನೆಯಲ್ಲಿ ಮಲಗಿಸುವುದೇ ಇದರ ದೊಡ್ಡ ಅಪಾಯ. ನಾಗರಹಾವು, ಕಟ್ಟುಹಾವುಗಳ ವಿಷ ಗಂಟಲಿನ ಸ್ನಾಯುಗಳನ್ನು ಸಡಿಲಿಸುತ್ತದೆ. ಆಗ ಬಾಯಿಗೆ ಹಾಕಿದ್ದು ಶ್ವಾಸನಾಳಕ್ಕೆ ಇಳಿಯಬಹುದು. ಹಾಗಾಗಿ ತಪ್ಪಲು, ಕಷಾಯ, ತುಪ್ಪ, ಸಾರಾಯಿ ಯಾವುದನ್ನೂ ಬಾಯಿಗೆ ಹಾಕಬಾರದು.

ಮಂತ್ರ ಹಾಕಿಸಿದವರು ಬದುಕಿದ್ದನ್ನು ಕಣ್ಣಾರೆ ಕಂಡಿದ್ದೇವೆ ಎನ್ನುವವರ ಮಾತು ಸುಳ್ಳಲ್ಲ. ಹೊಲಗದ್ದೆಗಳಲ್ಲಿ ಕಡಿಯುವ ಹಾವುಗಳಲ್ಲಿ ಕೇರೆ, ನೀರುಹಾವಿನಂಥ ವಿಷವಿಲ್ಲದವೇ ಬಹಳ. ನಾಗರಹಾವು ಸಹ ಕೆಲವೊಮ್ಮೆ ವಿಷ ಬಿಡದೆ ಬರೀ ಹಲ್ಲೂರುತ್ತದೆ. ಇಂಥ ಕಡಿತಕ್ಕೆ ಸಿಕ್ಕವರು ಮಂತ್ರವಿಲ್ಲದೆಯೂ ಬದುಕುತ್ತಿದ್ದರು. ಆದರೆ ಆ ಯಶಸ್ಸು ಊರೂರು ಸುತ್ತುತ್ತದೆ, ಸತ್ತವರ ಸಾವು ಮಾತ್ರ ಹಣೆಬರಹದ ಲೆಕ್ಕಕ್ಕೆ ಹೋಗುತ್ತದೆ. ಮಂತ್ರದಲ್ಲಿ ನಂಬಿಕೆಯಿರುವ ಮನೆಯವರೊಂದಿಗೆ ವಾದಕ್ಕೆ ನಿಲ್ಲುವುದಕ್ಕಿಂತ ಮಂತ್ರ ಹಾಕುವವರನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಡುವುದು ಮೇಲು. ವಾದದಲ್ಲಿ ಕಳೆಯುವ ಅರ್ಧ ಗಂಟೆ ಕಡಿಸಿಕೊಂಡವರದು.

ಒಂದು ಸಂಜೆಯ ಲೆಕ್ಕ

ಹಾನಗಲ್ಲ ತಾಲ್ಲೂಕಿನ ಭತ್ತದ ಗದ್ದೆ, ಸುಗ್ಗಿಯ ಕಾಲ, ಸಂಜೆ ಆರೂವರೆ ಎಂದಿಟ್ಟುಕೊಳ್ಳೋಣ. ಸಿವುಡು ಎತ್ತುತ್ತಿದ್ದ ಹೆಣ್ಣುಮಗಳ ಪಾದಕ್ಕೆ ಕೊಳಕುಮಂಡಲ ಕಡಿದಿದೆ. ಉರಿ ತಡೆಯಲಾಗುತ್ತಿಲ್ಲ, ಪಾದ ಊದತೊಡಗಿದೆ.

ಮೊದಲು ಅವಳನ್ನು ಹಾವಿನಿಂದ ದೂರ ಸರಿಸಿ ಮಲಗಿಸಬೇಕು. ಕೋಲು ಹಿಡಿದು ಹಾವಿನ ಬೆನ್ನು ಹತ್ತುವವರನ್ನು ತಡೆಯಬೇಕು. ಎರಡನೆಯವರು ಕಡಿಸಿಕೊಳ್ಳುವುದು ಹೀಗೆಯೇ, ಕತ್ತರಿಸಿದ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು. ಆಸ್ಪತ್ರೆಗೆ ಸತ್ತ ಹಾವು ಬೇಕಿಲ್ಲ, ಏಕೆಂದರೆ ನಮ್ಮಲ್ಲಿ ಕೊಡುವ ವಿಷನಿರೋಧಕ ಚುಚ್ಚುಮದ್ದು ಆ ನಾಲ್ಕೂ ಹಾವುಗಳ ವಿಷಕ್ಕೆ ಒಂದೇ. ದೂರದಿಂದ ಮೊಬೈಲಿನಲ್ಲಿ ಫೋಟೊ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಅದಕ್ಕಾಗಿ ಹೊತ್ತು ಕಳೆಯಬಾರದು.

ಒಬ್ಬರು 108ಕ್ಕೆ ಫೋನ್ ಮಾಡುವಷ್ಟರಲ್ಲಿ ಇನ್ನೊಬ್ಬರು ಕಾಲುಂಗುರ, ಕಾಲ್ಗಡಗ, ಉಂಗುರ ತೆಗೆಯಬೇಕು. ಊತ ಏರಿದ ಮೇಲೆ ಇವು ಬರುವುದಿಲ್ಲ, ಬೆರಳನ್ನೇ ಕತ್ತರಿಸಿದಂತೆ ಒತ್ತುತ್ತವೆ. ಕಾಲುಂಗುರ ತೆಗೆಯುವುದು ಅಪಶಕುನ ಎಂದು ಹಿಂಜರಿಯುವ ಹಿರಿಯರಿಗೆ ಇದನ್ನೇ ಬಿಡಿಸಿ ಹೇಳಬೇಕು. ಆಮೇಲೆ ಮುರಿದ ಎಲುಬಿಗೆ ಕಟ್ಟುವಂತೆ ಕಾಲಿನ ಉದ್ದಕ್ಕೂ ಬಿದಿರಿನ ದಬ್ಬೆಯನ್ನೋ ಹಲಗೆಯನ್ನೋ ಇಟ್ಟು ಟವೆಲಿನಿಂದ ಸಡಿಲವಾಗಿ ಸುತ್ತಬೇಕು. ಕಟ್ಟಿನ ಕೆಳಗೆ ಒಂದು ಬೆರಳು ಆಡುವಷ್ಟು ಜಾಗವಿರಲಿ. ಸ್ನಾಯು ಆಡಿದಂತೆಲ್ಲ ವಿಷ ಬೇಗ ಹರಡುತ್ತದೆ, ಕಾಲನ್ನು ಅಲುಗಾಡದಂತೆ ಇಡುವುದರ ಉದ್ದೇಶ ಇದಿಷ್ಟೇ. ಅದಕ್ಕೇ ಅವಳನ್ನು ನಡೆಸಬಾರದು. ಬದುವಿನಿಂದ ರಸ್ತೆಯವರೆಗೆ ಹೊರಸಿನ ಮೇಲೆ ಹೊತ್ತು ತರಬೇಕು. ಆಂಬುಲೆನ್ಸ್ ತಡವಾಗುವುದಾದರೆ ಸಿಕ್ಕ ಗಾಡಿಯಲ್ಲಿ ಹೊರಡಬೇಕು. ಬೈಕೇ ಗತಿಯೆಂದಾದರೆ ಇಬ್ಬರ ನಡುವೆ ಕೂರಿಸಿಕೊಳ್ಳಬೇಕು. ವಾಂತಿ ಅಥವಾ ಮಂಪರು ಕಂಡರೆ ಎಡಮಗ್ಗುಲಿಗೆ ಮಲಗಿಸಬೇಕು. ದಾರಿಯಲ್ಲಿ ಪೆನ್ನಿನಿಂದ ಊತದ ಅಂಚಿಗೆ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆದರೆ, ಊತ ಎಷ್ಟು ಬೇಗ ಏರುತ್ತಿದೆ ಎಂಬುದು ವೈದ್ಯರಿಗೆ ಕಾಣುತ್ತದೆ. ನೋವಿಗೆಂದು ಊರಲ್ಲಿ ಸೊಂಟಕ್ಕೆ ಸೂಜಿ ಹಾಕಿಸಬಾರದು. ರಕ್ತ ಹೆಪ್ಪುಗಟ್ಟದ ಮೈಯಲ್ಲಿ ಸೂಜಿ ಚುಚ್ಚಿದ ಜಾಗವೂ ಒಳಗೊಳಗೇ ಸೋರುತ್ತದೆ.

ಆಸ್ಪತ್ರೆಯಲ್ಲಿ ಸುಮಾರು 2 ಮಿಲಿಲೀಟರ್ ರಕ್ತವನ್ನು ಒಣಗಿದ ಗಾಜಿನ ನಳಿಕೆಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟು, ಆಮೇಲೆ ವಾಲಿಸಿ ನೋಡುತ್ತಾರೆ. ರಕ್ತ ನೀರಿನಂತೆ ಹರಿದರೆ ವಿಷ ರಕ್ತಕ್ಕೆ ಸೇರಿದೆ ಎಂದರ್ಥ. ಹೊರಗೆ ಕಾಯುವ ಮನೆಯವರಿಗೆ ಈ 20 ನಿಮಿಷ ಸುಮ್ಮನೆ ಕೂತಂತೆ ಕಾಣುತ್ತದೆ, ಅದರ ಮೇಲೆಯೇ ಜಗಳಗಳಾಗುತ್ತವೆ. ವಿಷದ ಲಕ್ಷಣ ಖಚಿತವಾದರೆ ಸಾಮಾನ್ಯವಾಗಿ ಮೊದಲಿಗೆ 10 ಬಾಟಲಿ ವಿಷನಿರೋಧಕವನ್ನು ಸಲೈನಿನಲ್ಲಿ ಬೆರೆಸಿ ಸುಮಾರು ಒಂದು ಗಂಟೆಯಲ್ಲಿ ಏರಿಸುತ್ತಾರೆ. ಮಕ್ಕಳಿಗೂ ಪ್ರಮಾಣ ಅಷ್ಟೇ, ಏಕೆಂದರೆ ಹಾವು ಮಗು ಎಂದು ಕಡಿಮೆ ವಿಷ ಬಿಡುವುದಿಲ್ಲ. ಆರು ಗಂಟೆಯ ನಂತರ ನಳಿಕೆಯ ಪರೀಕ್ಷೆ ಮತ್ತೊಮ್ಮೆ. ಕೊಳಕುಮಂಡಲದ ಕಡಿತದಲ್ಲಿ ಮೂತ್ರಪಿಂಡ ಕೆಡುವುದುಂಟು, ಆದ್ದರಿಂದ ಮೂತ್ರ ಕಡಿಮೆಯಾದರೆ ಅಥವಾ ಕೆಂಪಾದರೆ ಕೂಡಲೇ ತಿಳಿಸಬೇಕು. ಹಾವೇರಿಗೋ ಹುಬ್ಬಳ್ಳಿಯ ಕೆಎಂಸಿಆರ್‌ಐಗೋ ಕಳಿಸುವುದಾದರೆ, ಲಕ್ಷಣವಿರುವವರಿಗೆ ಮೊದಲ ಪ್ರಮಾಣವನ್ನು ಮೊದಲು ತಲುಪಿದ ಆಸ್ಪತ್ರೆಯಲ್ಲಿಯೇ ಏರಿಸಿ ಕಳಿಸುವುದು ಸರಿಯಾದ ಕ್ರಮ. ಮನೆಯವರು ಇದನ್ನು ವಿನಯದಿಂದ ಕೇಳಬಹುದು.

ಸದ್ದಿಲ್ಲದ ಕಡಿತ

ಊತವಿಲ್ಲ, ಹಲ್ಲಿನ ಗುರುತಿಲ್ಲ, ಹಾಗಾಗಿ ವಿಷವಿಲ್ಲ ಎಂಬ ನಂಬಿಕೆಯನ್ನು ಕಟ್ಟುಹಾವು ಸುಳ್ಳು ಮಾಡುತ್ತದೆ. ಹೊಳೆಯುವ ಕಪ್ಪು ಮೈಮೇಲೆ ತೆಳ್ಳನೆಯ ಬಿಳಿ ಪಟ್ಟೆಗಳಿರುವ ಈ ಹಾವು ನಡುರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ಸೊಳ್ಳೆ ಕಚ್ಚಿದಷ್ಟೂ ನೋವಿರದೆ ಹೋಗಬಹುದು. ನಸುಕಿನಲ್ಲಿ ಹೊಟ್ಟೆನೋವು, ವಾಂತಿ ಶುರುವಾಗುತ್ತದೆ, ಮನೆಯವರು ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸುತ್ತಾರೆ. ಆಮೇಲೆ ರೆಪ್ಪೆಗಳು ಜೋಲುತ್ತವೆ, ಮಾತು ತೊದಲುತ್ತದೆ, ಉಗುಳು ನುಂಗಲಾಗದು. ನೆಲದ ಮೇಲೆ ಮಲಗೆದ್ದವರಿಗೆ ಬೆಳಗಿನ ಹೊಟ್ಟೆನೋವಿನ ಜೊತೆ ರೆಪ್ಪೆ ಜೋತರೆ, ಬೇರೆ ಕಾರಣ ಸಿಗುವತನಕ ಅದು ಕಟ್ಟುಹಾವಿನ ಕಡಿತ ಎಂದೇ ತಿಳಿದು ಹೊರಡಬೇಕು. ಹೊರಸಿನ ಮೇಲೆ ಮಲಗಿ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸುವುದು ಇದಕ್ಕೆ ಅಗ್ಗದ ತಡೆ.

ಕಟ್ಟುಹಾವಿನ ವಿಷ ನರದ ತುದಿಗಳನ್ನೇ ಕೆಡಿಸುವುದರಿಂದ ತಡವಾಗಿ ಕೊಟ್ಟ ಚುಚ್ಚುಮದ್ದು ಆಗಿಹೋದ ಪಾರ್ಶ್ವವಾಯುವನ್ನು ಹಿಂದಕ್ಕೆ ತರಲಾರದು. ಕೃತಕ ಉಸಿರಾಟದ ಯಂತ್ರದ ಮೇಲೆ ಕೆಲವು ದಿನ ಇಟ್ಟರೆ ನರಗಳು ತಾವಾಗಿ ಚೇತರಿಸಿಕೊಳ್ಳುತ್ತವೆ. ಆ ದಿನಗಳಲ್ಲಿ ಕಣ್ಣು ತೆರೆಯದೆ, ಕೈ ಎತ್ತದೆ ಬಿದ್ದಿರುವವರಿಗೆ ಎಚ್ಚರವಿರಬಹುದು, ಹಾಸಿಗೆಯ ಪಕ್ಕದ ಮಾತೆಲ್ಲ ಕೇಳಿಸುತ್ತಿರಬಹುದು. ಜೀವ ಹೋಯಿತೆಂದು ಮನೆಗೆ ಒಯ್ಯುವ ಅವಸರ ಇಲ್ಲಿ ಬದುಕುವವರನ್ನು ಕೊಲ್ಲುತ್ತದೆ.

ಲಕ್ಷಣ ಕಾಣದಿದ್ದರೂ ಕಡಿಸಿಕೊಂಡವರನ್ನು 24 ಗಂಟೆ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುತ್ತಾರೆ. ಗುಣವಾಗಿ ಮನೆಗೆ ಬಂದ ಒಂದು ವಾರದ ಸುಮಾರಿಗೆ ಕೆಲವರಿಗೆ ಜ್ವರ, ಕೀಲುನೋವು, ಮೈತುರಿಕೆ ಬರುತ್ತದೆ. "ಮೈಯಾಗ ವಿಷ ಉಳದೈತಿ" ಎಂದು ಮತ್ತೆ ನಾಟಿ ಔಷಧದ ಮನೆಗೆ ಹೋಗುವುದು ಈ ಹಂತದಲ್ಲಿ. ಅದು ಉಳಿದ ವಿಷವಲ್ಲ. ವಿಷನಿರೋಧಕ ತಯಾರಾಗುವುದು ಕುದುರೆಯ ರಕ್ತದಿಂದ, ಅದರ ಅಂಶಕ್ಕೆ ನಮ್ಮ ಮೈ ತಡವಾಗಿ ತೋರಿಸುವ ಪ್ರತಿಕ್ರಿಯೆ ಅದು. ಚಿಕಿತ್ಸೆ ಕೊಟ್ಟ ಆಸ್ಪತ್ರೆಗೇ ಚೀಟಿ ಹಿಡಿದು ಹೋದರೆ ಕೆಲವು ದಿನಗಳ ಮಾತ್ರೆಯಲ್ಲಿ ಇಳಿಯುತ್ತದೆ.